ಹುಡುಕಿದವರಿಗೆ ಸಿಗುವ ಹೆಸರು

ಮಧ್ಯಾಹ್ನ ಊಟ ಮುಗಿಸಿ ಮೊಬೈಲ್ ನೋಡುತ್ತಾ ಕುಳಿತವರೊಬ್ಬರಿಗೆ ಒಂದೆಲಗದ ತಂಬುಳಿಯ ವಿಡಿಯೊ ಕಾಣಿಸುತ್ತದೆ. ಇಷ್ಟವಾಗಿ ಪೂರ್ತಿ ನೋಡುತ್ತಾರೆ. ಎರಡು ದಿನ ಬಿಟ್ಟು ಒಂದೆಲಗ ತಂದಾಗ ಮತ್ತೆ ಅದನ್ನೇ ಹುಡುಕುತ್ತಾರೆ. ಚಾನೆಲ್ ಹೆಸರು ‘ಅಡುಗೆ ಮನೆ’ಯೋ ‘ಅಮ್ಮನ ಅಡುಗೆ’ಯೋ, ಅಂಥದ್ದೇನೋ ಇತ್ತು ಎಂಬಷ್ಟೇ ನೆನಪು. ಟೈಪ್ ಮಾಡಿದರೆ ಅದೇ ಬಗೆಯ ಹೆಸರುಗಳು ಸಾಲುಗಟ್ಟಿ ಬರುತ್ತವೆ. ತಾವು ನೋಡಿದ್ದು ಯಾವುದು ಎಂದು ಗುರುತು ಹತ್ತುವುದಿಲ್ಲ. ಕೊನೆಗೆ ಬೇರೆ ಯಾರದೋ ವಿಡಿಯೊ ನೋಡಿ ತಂಬುಳಿ ಮಾಡಿಕೊಳ್ಳುತ್ತಾರೆ. ಒಬ್ಬ ಕಾಯಂ ನೋಡುಗರು ಹೀಗೆ ಕೈತಪ್ಪಿದ್ದು ಮೊದಲ ಚಾನೆಲ್‌ನವರಿಗೆ ತಿಳಿಯುವುದೂ ಇಲ್ಲ.

ವಾರಕ್ಕೊಂದು ವಿಡಿಯೊ ಮಾಡುವ ಹವ್ಯಾಸಿಗಳು ಹೆಸರಿಡುವಾಗ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಜನ ಹುಡುಕುವ ಪದಗಳನ್ನೆಲ್ಲ ಹೆಸರಿಗೇ ತುಂಬುತ್ತಾರೆ: ಕನ್ನಡ, ಅಡುಗೆ, ರೆಸಿಪಿ, ಈಸಿ. ಇನ್ನು ಕೆಲವರು ಇವತ್ತು ಮಾಡುತ್ತಿರುವ ಅಡುಗೆಯನ್ನೇ ಹೆಸರಾಗಿಸುತ್ತಾರೆ: ತಂಬುಳಿ, ರೊಟ್ಟಿ, ಉಪ್ಪಿನಕಾಯಿ. ಮೊದಲನೆಯದು ಗುಂಪಿನಲ್ಲಿ ಕರಗಿಹೋಗುತ್ತದೆ. ಎರಡನೆಯದು ವರ್ಷ ಕಳೆಯುವುದರೊಳಗೆ ಬಿಗಿಯಾಗುತ್ತದೆ. ಚಾನೆಲ್ ಹೆಸರಿನ ಕೆಲಸ ಯಾವುದು, ವಿಡಿಯೊ ಶೀರ್ಷಿಕೆಯ ಕೆಲಸ ಯಾವುದು ಎಂದು ಬೇರ್ಪಡಿಸಿಕೊಂಡರೆ ಈ ಎರಡು ತೊಂದರೆಗಳೂ ಬಹುಮಟ್ಟಿಗೆ ತಪ್ಪುತ್ತವೆ.

ಹೊಸಬರನ್ನು ಕರೆತರುವುದು ಶೀರ್ಷಿಕೆ

ಯೂಟ್ಯೂಬ್‌ನಲ್ಲಿ ಅಡುಗೆ ಹುಡುಕುವವರು ಟೈಪ್ ಮಾಡುವುದು ತಿಂಡಿಯ ಹೆಸರನ್ನು. ‘ತಂಬುಳಿ ಮಾಡುವುದು ಹೇಗೆ’ ಎಂದೋ `tambuli recipe in kannada` ಎಂದೋ ಬರೆಯುತ್ತಾರೆ. ಇದಕ್ಕೆ ಉತ್ತರ ಕೊಡುವಾಗ ಯೂಟ್ಯೂಬ್ ವಿಡಿಯೊದ ಶೀರ್ಷಿಕೆ, ವಿವರಣೆ ಮತ್ತು ಒಳಗಿರುವ ವಿಷಯ ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತವೆ ಎಂದು ನೋಡುತ್ತದೆ. ಅದೇ ಪದ ಹುಡುಕಿ ಬಂದವರು ಆ ವಿಡಿಯೊವನ್ನು ಎಷ್ಟು ಹೊತ್ತು ನೋಡಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ‘ರೆಸಿಪಿ’, ‘ಕನ್ನಡದಲ್ಲಿ’ ಎಂಬ ಪದಗಳು ಇರಬೇಕಾದ ಜಾಗ ಶೀರ್ಷಿಕೆ. ಅಲ್ಲಿ 100 ಅಕ್ಷರಗಳವರೆಗೆ ಅವಕಾಶವಿದೆ. ಫೋನಿನಲ್ಲಿ ಕೊನೆಯ ಭಾಗ ಕತ್ತರಿಸಿ ಹೋಗುವುದರಿಂದ ತಿಂಡಿಯ ಹೆಸರು ಮೊದಲೇ ಬರಬೇಕು. ಒಂದು ಮಾದರಿ ಹೀಗಿದೆ:

`ಒಂದೆಲಗದ ತಂಬುಳಿ | Ondelaga Tambuli | Brahmi Leaves Recipe in Kannada`

ಕನ್ನಡದಲ್ಲಿ ಹುಡುಕುವವರು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು, ಒಂದೆಲಗವನ್ನು ಬ್ರಾಹ್ಮಿ ಎಂದೇ ಬಲ್ಲವರು, ಈ ಮೂವರಿಗೂ ಇಲ್ಲಿ ಉತ್ತರವಿದೆ. ಈ ಕೆಲಸವನ್ನು ಚಾನೆಲ್ ಹೆಸರಿನಿಂದ ಮಾಡಿಸಲು ಹೋದರೆ ಹೆಸರು ಉದ್ದವಾಗುತ್ತದೆಯೇ ಹೊರತು ಲಾಭವಾಗುವುದಿಲ್ಲ.

ಚಾನೆಲ್ ಹೆಸರು ಬೇಕಾಗುವುದು ಆಮೇಲೆ. ಒಮ್ಮೆ ನೋಡಿದವರು ಮತ್ತೆ ಬರಬೇಕಾದಾಗ, ಅಕ್ಕ ತಂಗಿಗೆ ಫೋನಿನಲ್ಲಿ ‘ಇಂಥ ಚಾನೆಲ್ ನೋಡು’ ಎಂದು ಹೇಳಬೇಕಾದಾಗ ಅದು ಕೆಲಸಕ್ಕೆ ಬರುತ್ತದೆ. ಕೇಳಿಸಿಕೊಂಡವರು ಅದನ್ನು ನೆನಪಿಟ್ಟು, ಹೆಚ್ಚುಕಡಿಮೆ ಸರಿಯಾದ ಸ್ಪೆಲಿಂಗ್‌ನಲ್ಲಿ ಬರೆದು, ಫಲಿತಾಂಶದ ಮೊದಲ ಸಾಲುಗಳಲ್ಲೇ ಕಾಣುವಂತಿರಬೇಕು. ಹುಡುಕಿದರೆ ಸಿಗುವ ಹೆಸರು ಎಂದರೆ ಇಷ್ಟೇ.

ಸಾಮಾನ್ಯ ಪದಗಳ ಹೆಸರಿದ್ದೂ ಗೆದ್ದವರಿದ್ದಾರಲ್ಲ ಎಂದು ಕೇಳಬಹುದು. ತಮಿಳುನಾಡಿನ ‘ವಿಲೇಜ್ ಕುಕಿಂಗ್ ಚಾನೆಲ್’ ಹೆಸರಿನಲ್ಲಿರುವುದು ಮೂರೂ ಸಾಮಾನ್ಯ ಪದಗಳೇ. 2018ರಲ್ಲಿ ಶುರುವಾದ ಆ ಚಾನೆಲ್ 2021ರಲ್ಲಿ ಒಂದು ಕೋಟಿ ಚಂದಾದಾರರನ್ನು ದಾಟಿತು. ಅಷ್ಟು ಜನ ನೋಡುವಾಗ ಆ ಮೂರು ಪದಗಳನ್ನು ಹುಡುಕಿದವರಿಗೆ ಯೂಟ್ಯೂಬ್ ಅದನ್ನೇ ಮೇಲೆ ತೋರಿಸುತ್ತದೆ. ಅದೇ ಕಾರಣಕ್ಕೆ ಇವತ್ತು ಹಳ್ಳಿ, ಅಡುಗೆ ಎಂಬ ಪದಗಳನ್ನು ಜೋಡಿಸಿ ಹೆಸರಿಟ್ಟುಕೊಳ್ಳುವ ಹೊಸ ಚಾನೆಲ್‌ಗೆ ಆ ಜಾಗ ಸಿಗುವುದು ಕಷ್ಟ. ಅದರ ಹೆಸರು ನೆನಪಿಟ್ಟು ಹುಡುಕಿದವರೂ ದೊಡ್ಡ ಚಾನೆಲ್‌ಗೇ ಹೋಗಿ ಸೇರುತ್ತಾರೆ.

ಬೆಳೆದಾಗ ಉಳಿದ ಪದ

ಹೆಸರು ಬಿಗಿಯಾದಾಗ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಆ್ಯಂಡ್ರೂ ರಿಯಾ ಅವರ ಚಾನೆಲ್ ಒಳ್ಳೆಯ ಉದಾಹರಣೆ. ಅವರು 2016ರಲ್ಲಿ ‘ಬಿಂಜಿಂಗ್ ವಿತ್ ಬ್ಯಾಬಿಶ್’ ಎಂಬ ಸರಣಿ ಶುರುಮಾಡಿದರು. ಸಿನಿಮಾ ಮತ್ತು ಟೀವಿ ಧಾರಾವಾಹಿಗಳಲ್ಲಿ ಕಾಣುವ ತಿಂಡಿಗಳನ್ನು ನಿಜವಾಗಿ ಮಾಡಿ ತೋರಿಸುವುದು ಅದರ ವಿಷಯ. ಬ್ಯಾಬಿಶ್ ಎಂಬುದು ‘ದಿ ವೆಸ್ಟ್ ವಿಂಗ್’ ಧಾರಾವಾಹಿಯ ಒಂದು ಪಾತ್ರದ ಹೆಸರು. ಸರಣಿಯ ಹೆಸರೇ ಚಾನೆಲ್‌ನ ಹೆಸರೂ ಆಗಿತ್ತು.

2017ರಲ್ಲಿ ಅವರು ಅಡುಗೆಯ ಮೂಲಪಾಠ ಹೇಳಿಕೊಡುವ ಇನ್ನೊಂದು ಸರಣಿ ಆರಂಭಿಸಿ ಅದನ್ನು ‘ಬೇಸಿಕ್ಸ್ ವಿತ್ ಬ್ಯಾಬಿಶ್’ ಎಂದು ಕರೆದರು. ಮುಂದೆ ಬೇರೆ ಅಡುಗೆಯವರು ನಡೆಸುವ ಕಾರ್ಯಕ್ರಮಗಳೂ ಸೇರುವ ಹೊತ್ತಿಗೆ ಹಳೆಯ ಹೆಸರು ಹೊಂದದಾಯಿತು. ಧಾರಾವಾಹಿಗಳನ್ನು ಒಂದೇ ಸಮನೆ ನೋಡುವುದನ್ನು ಸೂಚಿಸುವ ಹೆಸರಿನಡಿ ಬ್ರೆಡ್ ಹಿಟ್ಟು ಕಲಸುವ ಪಾಠ ಹೇಗೆ ಕೂರುತ್ತದೆ? 2020ರಲ್ಲಿ ಚಾನೆಲ್ ‘ಬ್ಯಾಬಿಶ್ ಕಲಿನರಿ ಯೂನಿವರ್ಸ್’ ಆಯಿತು. ‘ಬಿಂಜಿಂಗ್ ವಿತ್ ಬ್ಯಾಬಿಶ್’ ಅದರೊಳಗಿನ ಒಂದು ಸರಣಿಯಾಗಿ ಉಳಿಯಿತು.

ಇಲ್ಲಿ ವಿಷಯ ಹೇಳುತ್ತಿದ್ದ ಪದ ಸರಣಿಗೆ ಇಳಿಯಿತು. ಬೇರೆಲ್ಲೂ ಸುಲಭವಾಗಿ ಕಾಣಸಿಗದ ‘ಬ್ಯಾಬಿಶ್’ ಎಂಬ ಪದ ಚಾನೆಲ್‌ಗೆ ಉಳಿಯಿತು. ಹಳೆಯ ಹೆಸರನ್ನು ನೆನಪಿಟ್ಟವರು ಅದನ್ನೇ ಟೈಪ್ ಮಾಡಿದರೂ ಹೊಸ ಚಾನೆಲ್ ಸಿಗುತ್ತದೆ, ಏಕೆಂದರೆ ಎರಡರಲ್ಲೂ ಗುರುತಿನ ಪದ ಒಂದೇ. ಆ ಪದ ಮೊದಲೇ ಇಲ್ಲದಿದ್ದರೆ ಹೆಸರು ಬದಲಿಸುವುದು ಹೆಚ್ಚುಕಡಿಮೆ ಹೊಸ ಚಾನೆಲ್ ಶುರುಮಾಡಿದಷ್ಟೇ ಕಷ್ಟವಾಗುತ್ತಿತ್ತು.

ಇದರಿಂದ ಹವ್ಯಾಸಿಗಳಿಗೆ ಸಿಗುವ ಪಾಠ ನೇರವಾಗಿದೆ. ತಿಂಡಿಯ ಬಗೆ, ಪಾತ್ರೆ, ಸಮಯ, ಪಥ್ಯ, ಹಬ್ಬ ಇವೆಲ್ಲ ಸರಣಿಯ ಹೆಸರಿಗೆ, ಅಂದರೆ ಪ್ಲೇಲಿಸ್ಟ್‌ಗೆ ಹೋಗಲಿ. ಚಾನೆಲ್‌ಗೆ ಒಬ್ಬ ವ್ಯಕ್ತಿಯ, ಮನೆತನದ, ಜಾಗದ ಅಥವಾ ಕಲ್ಪಿಸಿದ ಹೆಸರು ಇರಲಿ. ‘ಹೆಬ್ಬಾರ್ಸ್ ಕಿಚನ್’, ‘ಭಟ್ ಎನ್ ಭಟ್’ ಎಂಬ ಹೆಸರುಗಳಲ್ಲಿ ಯಾವ ತಿಂಡಿಯೂ ಇಲ್ಲ. ಇಂದು ಹೋಳಿಗೆ, ನಾಳೆ ಹಲಸಿನ ಹಪ್ಪಳ, ನಾಡಿದ್ದು ನೂಡಲ್ಸ್ ಮಾಡಿದರೂ ಹೆಸರು ಅಡ್ಡ ಬರುವುದಿಲ್ಲ.

ಒಂದು ಹೆಸರು ಹುಟ್ಟುವ ಬಗೆ

ಈಗ ಒಬ್ಬರನ್ನು ಕಲ್ಪಿಸಿಕೊಂಡು ಹೆಸರಿಡುವ ಕೆಲಸವನ್ನು ಹಂತಹಂತವಾಗಿ ನೋಡೋಣ. ಶಿರಸಿ ಕಡೆಯ ಮಹಿಳೆ, ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ. ಭಾನುವಾರ ಮಾತ್ರ ಬಿಡುವು. ಸದ್ಯಕ್ಕೆ ತಂಬುಳಿ, ಅಪ್ಪೆಹುಳಿ, ತೊಡದೇವು ಹೀಗೆ ತವರಿನ ಅಡುಗೆಗಳನ್ನು ತೋರಿಸುವ ಇರಾದೆ. ಮುಂದೆ ಉತ್ತರ ಕರ್ನಾಟಕದ ಅಡುಗೆ ಕಲಿತು ತೋರಿಸಬೇಕು, ನಿವೃತ್ತಿಯ ನಂತರ ಉಪ್ಪಿನಕಾಯಿ ಮಾಡಿ ಮಾರಬೇಕು ಎಂಬ ಆಸೆಯೂ ಇದೆ.

ಮೊದಲ ಪಟ್ಟಿಯಲ್ಲಿ ಐದು ಹೆಸರುಗಳಿವೆ: ಅಡುಗೆ ಮನೆ, ತಂಬುಳಿ ಟೈಮ್, ಭಾನುವಾರದ ಊಟ, ಸೌಟು, ಮುರುಗಲು.

‘ಅಡುಗೆ ಮನೆ’ ಎಲ್ಲರದೂ ಆದ್ದರಿಂದ ಯಾರದೂ ಅಲ್ಲ. ಅದಕ್ಕಿಂತ ದೊಡ್ಡ ತೊಡಕು ಸ್ಪೆಲಿಂಗ್. ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದಕ್ಕೆ ಒಪ್ಪಿತವಾದ ಒಂದೇ ಕ್ರಮವಿಲ್ಲ. ಅಡುಗೆ ಎಂಬುದನ್ನು ಒಬ್ಬರು `aduge` ಎಂದರೆ, ಅಡಿಗೆ ಎನ್ನುವವರು `adige` ಎಂದು ಬರೆಯುತ್ತಾರೆ, ಅವಸರದವರು `adge` ಎನ್ನುತ್ತಾರೆ. ದೀರ್ಘ ಸ್ವರಗಳಲ್ಲೂ ಹೀಗೆಯೇ. ಊಟ ಎಂಬುದು `oota` ಆಗಬಹುದು, `uta` ಆಗಬಹುದು. ಹಾಗಾಗಿ ‘ಭಾನುವಾರದ ಊಟ’ಕ್ಕೂ ಅದೇ ತೊಂದರೆ. ಜೊತೆಗೆ, ಮುಂದೆ ಬುಧವಾರವೂ ವಿಡಿಯೊ ಹಾಕಿದರೆ ಹೆಸರು ಸುಳ್ಳಾಗುತ್ತದೆ.

‘ತಂಬುಳಿ ಟೈಮ್’ ಕೇಳಲು ಚೆನ್ನಾಗಿದೆ. ಆದರೆ ತಂಬುಳಿ ಎಂಬುದನ್ನು `tambuli`, `thambuli`, `tambli` ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ. ಅಪ್ಪೆಹುಳಿಯನ್ನು ತಂಬುಳಿಯ ಪಕ್ಕ ಕೂರಿಸಬಹುದು, ಜೋಳದ ರೊಟ್ಟಿ ಎಣ್ಣೆಗಾಯಿಯನ್ನು ಕೂರಿಸುವುದು ಕಷ್ಟ. ಇದು ಪ್ಲೇಲಿಸ್ಟ್‌ಗೆ ಒಳ್ಳೆಯ ಹೆಸರು, ಅಲ್ಲಿಗೇ ಹೋಗಲಿ.

‘ಸೌಟು’ ಚಿಕ್ಕದು, ನೆನಪಿನಲ್ಲಿ ಉಳಿಯುತ್ತದೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ `sautu` ಎಂದು ಬರೆದರೆ ಅದು ಹುರಿಯುವುದಕ್ಕಿರುವ `saute` ಎಂಬ ಇಂಗ್ಲಿಷ್ ಪದಕ್ಕೆ ಒಂದೇ ಅಕ್ಷರ ದೂರ. `soutu` ಎಂದರೆ `south` ಹತ್ತಿರ. ಇಂಥ ಕಡೆ ಹುಡುಕಾಟದ ಯಂತ್ರ ನಾವು ಬರೆದದ್ದನ್ನು ತಪ್ಪೆಂದು ಭಾವಿಸುವ ಅಪಾಯವಿದೆ. ಹಾಗಾಗಿದೆಯೇ ಎಂದು ಪರೀಕ್ಷಿಸುವುದು ಸುಲಭ. ಯೂಟ್ಯೂಬ್‌ನಲ್ಲಿ ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಿದಾಗ ಫಲಿತಾಂಶದ ಮೇಲೆ `Showing results for` ಎಂದು ಬೇರೆ ಪದ ಕಂಡರೆ ಅಥವಾ `Did you mean` ಎಂದು ಕೇಳಿದರೆ ಆ ಹೆಸರು ಬೇಡ. ನಿಮ್ಮ ಹೆಸರನ್ನು ಸರಿಯಾಗಿ ಬರೆದವರನ್ನೂ ಅದು ಬೇರೆಡೆಗೆ ಕಳಿಸುತ್ತದೆ.

ಉಳಿದದ್ದು ಮುರುಗಲು. `murugalu` ಎಂದು ಬಹುತೇಕರು ಒಂದೇ ರೀತಿ ಬರೆಯಬಲ್ಲ ಪದ. ದೀರ್ಘ ಸ್ವರವಿಲ್ಲ, ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ಮಲೆನಾಡು ಕರಾವಳಿಯವರಿಗೆ ಕೂಡಲೇ ಊರಿನ ಹುಳಿ ನೆನಪಾಗುತ್ತದೆ. ಆದರೆ ಇದೊಂದೇ ಪದ ಸಾಲದು, ಏಕೆಂದರೆ ಅದನ್ನು ಹುಡುಕುವವರಿಗೆ ಬೇಕಿರುವುದು ಮುರುಗಲು ಹಣ್ಣಿನ ಶರಬತ್ತು. ಫಲಿತಾಂಶದಲ್ಲಿ ಶರಬತ್ತಿನ ವಿಡಿಯೊಗಳ ನಡುವೆ ಚಾನೆಲ್ ಕಾಣೆಯಾಗುತ್ತದೆ. ಆದ್ದರಿಂದ ಇನ್ನೊಂದು ಸರಳ ಪದ ಸೇರಿಸಿ ‘ಮುರುಗಲು ಮನೆ’ ಎನ್ನೋಣ. ಬಿಡಿಬಿಡಿಯಾಗಿ ಎರಡೂ ಬಳಕೆಯ ಪದಗಳೇ, ಜೋಡಿ ಮಾತ್ರ ಅಪರೂಪ. ಮನೆಯ ಹೆಸರಿನಂತೆ ಕೇಳಿಸುವುದರಿಂದ ರೊಟ್ಟಿಗೂ ಉಪ್ಪಿನಕಾಯಿಗೂ ಅಲ್ಲಿ ಜಾಗವಿದೆ.

ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಪರೀಕ್ಷೆ ಫೋನಿನಲ್ಲಿ ಆಗಬೇಕು. ಐದಾರು ನೆಂಟರಿಗೆ ಕರೆಮಾಡಿ, ಸ್ಪೆಲಿಂಗ್ ಹೇಳದೆ, ಹೆಸರನ್ನು ಒಂದೇ ಸಲ ಹೇಳಿ, ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಲು ಕೇಳಬೇಕು. ವಯಸ್ಸಾದವರೂ ಕಾಲೇಜು ಹುಡುಗರೂ ಅವರಲ್ಲಿರಲಿ. ‘ಅತ್ತೆ, ಕಡೆಗೆ ಯು ಹಾಕಲೋ ಬೇಡವೋ?’ ಎಂದು ಸೋದರಸೊಸೆ ಕೇಳಿದಳೆಂದರೆ ಅದೇ ಉಪಯೋಗದ ಮಾಹಿತಿ. ಎಲ್ಲರೂ ಒಂದೇ ಥರ ಬರೆದರೆ, ಅಥವಾ ಒಬ್ಬರು ಮಾತ್ರ `murugal` ಎಂದು ಬರೆದರೆ ಹೆಸರು ಪಾಸು. ನಾಲ್ಕು ಜನ ನಾಲ್ಕು ಥರ ಬರೆದರೆ ಪಟ್ಟಿಗೆ ಮರಳಬೇಕು. ಕೊನೆಗೆ ಯೂಟ್ಯೂಬ್‌ನ ಮೈಕ್ ಒತ್ತಿ ಹೆಸರನ್ನು ಹೇಳಿ ನೋಡಬೇಕು. ಟೈಪ್ ಮಾಡುವ ಬದಲು ಮಾತಾಡಿ ಹುಡುಕುವವರು ನಮ್ಮ ಮನೆಗಳಲ್ಲೇ ಇದ್ದಾರೆ.

ಖಾಲಿ ಇದೆಯೇ ಎಂದು ನೋಡುವುದು

ಯೂಟ್ಯೂಬ್‌ನಲ್ಲಿ ಚಾನೆಲ್‌ಗೆ ಎರಡು ಗುರುತುಗಳಿವೆ. ಒಂದು ಹೆಸರು. ಇದು ಬೇರೆಯವರಲ್ಲೂ ಇರಬಹುದು, ಯೂಟ್ಯೂಬ್ ತಡೆಯುವುದಿಲ್ಲ. ಇನ್ನೊಂದು `@` ಚಿಹ್ನೆಯಿಂದ ಶುರುವಾಗುವ ಹ್ಯಾಂಡಲ್. 2022ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಒಂದು ಹ್ಯಾಂಡಲ್ ಒಬ್ಬರಿಗೆ ಮಾತ್ರ. 3ರಿಂದ 30 ಅಕ್ಷರಗಳ ಮಿತಿಯಿದೆ. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಚಾನೆಲ್‌ನ ಕೊಂಡಿಯೂ ಇದರಿಂದಲೇ ಆಗುವುದು. ನಮ್ಮ ಉದಾಹರಣೆಯಲ್ಲಿ ಅದು `youtube.com/@murugalumane`.

ಹ್ಯಾಂಡಲ್‌ನಲ್ಲಿ ಚುಕ್ಕೆ, ಅಡ್ಡಗೆರೆ ಹಾಕಲು ಅವಕಾಶವಿದ್ದರೂ ಹಾಕದಿರುವುದು ಮೇಲು. ಫೋನಿನಲ್ಲಿ ಹೇಳುವಾಗ ಅವೇ ತಪ್ಪಿಹೋಗುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಮಧ್ಯದ ಅಡ್ಡಗೆರೆಗೆ ಅವಕಾಶವಿಲ್ಲ, ಕನ್ನಡ ಲಿಪಿಯ ಬಳಕೆದಾರ ಹೆಸರಿಗೂ ಅವಕಾಶವಿಲ್ಲ. ಎರಡೂ ಕಡೆ ಒಂದೇ ಗುರುತು ಬೇಕೆಂದರೆ ಬರಿ ಇಂಗ್ಲಿಷ್ ಅಕ್ಷರಗಳೇ ಸುರಕ್ಷಿತ. ಬೇಕಾದ ಹ್ಯಾಂಡಲ್ ಬೇರೆಯವರ ಬಳಿ ಇದ್ದರೆ ಕೊನೆಗೆ `123` ಸೇರಿಸುವ ಆಸೆಗೆ ಬೀಳಬಾರದು. ಅಂಕಿ ಮರೆತವರೆಲ್ಲ ನೇರವಾಗಿ ಅವರ ಚಾನೆಲ್‌ಗೆ ಹೋಗುತ್ತಾರೆ.

ಹೆಸರನ್ನು ಹುಡುಕಿ ನೋಡುವಾಗ ಫಿಲ್ಟರ್‌ನಲ್ಲಿ ಚಾನೆಲ್ ಎಂಬುದನ್ನು ಆರಿಸಿಕೊಂಡರೆ ವಿಡಿಯೊಗಳ ಗದ್ದಲವಿಲ್ಲದೆ ಹೆಸರುಗಳಷ್ಟೇ ಕಾಣುತ್ತವೆ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ನೋಡಬೇಕು. ಇಲ್ಲದಿದ್ದರೆ ನೀವು ಹಿಂದೆ ನೋಡಿದ್ದಕ್ಕೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ. ಅಡುಗೆಯದ್ದೇ ಇನ್ನೊಂದು ಚಾನೆಲ್ ಹತ್ತಿರದ ಹೆಸರಿನಲ್ಲಿ ನಡೆಯುತ್ತಿದ್ದರೆ, ಅದು ಚಿಕ್ಕದಾದರೂ ಸರಿ, ಆ ಹೆಸರನ್ನು ಬಿಡಬೇಕು. ಬೇರೆಯವರದೆಂದು ನಂಬಿಸುವಂತೆ ಹೆಸರಿಟ್ಟುಕೊಳ್ಳುವುದು ಯೂಟ್ಯೂಬ್ ನಿಯಮಕ್ಕೂ ವಿರುದ್ಧ.

ಉಪ್ಪಿನಕಾಯಿ ಮಾರುವ ಆಸೆಯಿದ್ದರೆ ಇನ್ನೊಂದು ಹೆಜ್ಜೆ ಇದೆ. ಭಾರತ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ನೋಂದಾಯಿತ ಹೆಸರುಗಳನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಉಪ್ಪಿನಕಾಯಿ 29ನೇ ವರ್ಗಕ್ಕೆ, ಸಾರಿನ ಪುಡಿ ಮಸಾಲೆ ಪುಡಿಗಳು 30ನೇ ವರ್ಗಕ್ಕೆ, ಮನರಂಜನೆ ಮತ್ತು ಕಲಿಕೆಯ ವಿಡಿಯೊಗಳು 41ನೇ ವರ್ಗಕ್ಕೆ ಬರುತ್ತವೆ. ಈ ಮೂರರಲ್ಲಿ ಅದೇ ಹೆಸರು ಇಲ್ಲವೆಂದು ನೋಡಿಕೊಂಡರೆ ಸಾಕು, ನೋಂದಣಿ ಮುಂದೆ ಮಾಡಿಸಬಹುದು. ಸರಕನ್ನು ಬರಿದೆ ವರ್ಣಿಸುವ ಹೆಸರಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ‘ರುಚಿಯಾದ ಉಪ್ಪಿನಕಾಯಿ’ ಎಂಬುದು ಯಾರ ಸ್ವತ್ತೂ ಆಗದು. ಹುಡುಕಾಟದಲ್ಲಿ ಕಳೆದುಹೋಗುವ ಹೆಸರು ಕಾನೂನಿನಲ್ಲೂ ನಿಲ್ಲುವುದಿಲ್ಲ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ

ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬೇಕೆಂಬ ಆಸೆ ಸಹಜ, ನ್ಯಾಯವೂ ಹೌದು. ಎರಡರಲ್ಲಿ ಒಂದನ್ನು ಬಿಡಬೇಕಾದ ಅಗತ್ಯ ಇಲ್ಲಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಚಾನೆಲ್ ವಿವರ ತುಂಬುವ ಕಡೆ ಇನ್ನೊಂದು ಭಾಷೆ ಸೇರಿಸುವ ಆಯ್ಕೆಯಿದೆ. ಅಲ್ಲಿ ಕನ್ನಡ ಆರಿಸಿ ಹೆಸರನ್ನೂ ವಿವರಣೆಯನ್ನೂ ಕನ್ನಡದಲ್ಲಿ ಕೊಟ್ಟರೆ, ಯೂಟ್ಯೂಬ್ ಅನ್ನು ಕನ್ನಡದಲ್ಲಿ ಬಳಸುವವರಿಗೆ ‘ಮುರುಗಲು ಮನೆ’ ಎಂದೂ ಉಳಿದವರಿಗೆ `Murugalu Mane` ಎಂದೂ ಕಾಣುತ್ತದೆ. ಫೋನಿನ ಭಾಷೆಯನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುವ ಕನ್ನಡಿಗರು ಬಹಳ. ಅವರಿಗೂ ಕನ್ನಡ ಕಾಣಲೆಂದು ಚಾನೆಲ್‌ನ ದುಂಡು ಚಿತ್ರದಲ್ಲಿ ಕನ್ನಡ ಅಕ್ಷರವಿರಲಿ. ಆ ಚಿತ್ರ ಫೋನಿನಲ್ಲಿ ಉಗುರಿನಷ್ಟೇ ಕಾಣುವುದರಿಂದ ಇಡೀ ಹೆಸರು ಬೇಡ, ‘ಮು’ ಎಂಬ ಒಂದೇ ಅಕ್ಷರ ದಪ್ಪಗೆ ಇದ್ದರೆ ಸಾಕು. ವಿವರಣೆಯ ಮೊದಲ ಸಾಲಿನಲ್ಲಿ ಎರಡೂ ಲಿಪಿಯ ಹೆಸರು ಒಟ್ಟಿಗೆ ಬರಲಿ.

ಹೆಸರು ಕೆಲಸ ಮಾಡುತ್ತಿದೆಯೇ?

ಇದಕ್ಕೆ ಉತ್ತರ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲೇ ಇದೆ. ನೋಡುಗರು ಎಲ್ಲಿಂದ ಬಂದರು ಎಂಬ ಪಟ್ಟಿಯಲ್ಲಿ `YouTube search` ಎಂಬುದನ್ನು ಒತ್ತಿದರೆ ಅವರು ಹುಡುಕಿದ ಪದಗಳು ಕಾಣುತ್ತವೆ. ಆರಂಭದಲ್ಲಿ ಅಲ್ಲಿರುವುದೆಲ್ಲ ತಿಂಡಿಯ ಹೆಸರುಗಳು. ಅಂದರೆ ಶೀರ್ಷಿಕೆಗಳು ತಮ್ಮ ಕೆಲಸ ಮಾಡುತ್ತಿವೆ. ಕ್ರಮೇಣ `murugalu mane` ಎಂಬುದೇ ಆ ಪಟ್ಟಿಯಲ್ಲಿ ಕಾಣತೊಡಗಿದರೆ ಜನ ನಿಮ್ಮನ್ನೇ ಹುಡುಕಿ ಬರುತ್ತಿದ್ದಾರೆ ಎಂದರ್ಥ. ಅಲ್ಲೇ `murugal mane`, `murgalu mane` ಎಂಬ ತಪ್ಪು ರೂಪಗಳೂ ಕಂಡರೆ ಅವನ್ನು ಬರೆದಿಟ್ಟುಕೊಂಡು ವಿಡಿಯೊದ ಟ್ಯಾಗ್‌ಗಳಲ್ಲಿ ಸೇರಿಸಬೇಕು. ಹುಡುಕಾಟದಲ್ಲಿ ಟ್ಯಾಗ್‌ಗಳ ಪಾತ್ರ ಬಹಳ ಕಡಿಮೆ, ಜನ ಸಾಮಾನ್ಯವಾಗಿ ತಪ್ಪಾಗಿ ಬರೆಯುವ ಪದಗಳಿಗೆ ಮಾತ್ರ ಅವು ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. ವಿಡಿಯೊಗಳಿಗೆ ಒಳ್ಳೆಯ ವೀಕ್ಷಣೆಯಿದ್ದೂ ತಿಂಗಳುಗಟ್ಟಲೆ ಚಾನೆಲ್ ಹೆಸರು ಆ ಪಟ್ಟಿಗೆ ಬಾರದಿದ್ದರೆ, ಜನರ ನೆನಪಿನಲ್ಲಿ ಹೆಸರು ಉಳಿಯುತ್ತಿಲ್ಲ.

ಈಗಾಗಲೇ ಬಿಗಿಯಾದ ಹೆಸರಿಟ್ಟುಕೊಂಡವರು ಬದಲಿಸಬಹುದು, ಬೇಗ ಬದಲಿಸಿದಷ್ಟೂ ನಷ್ಟ ಕಡಿಮೆ. 14 ದಿನಗಳಲ್ಲಿ ಎರಡು ಸಲ ಹೆಸರು ಬದಲಿಸಲು ಅವಕಾಶವಿದೆ, ಹ್ಯಾಂಡಲ್‌ಗೂ ಅಷ್ಟೇ. ಹಳೆಯ ವಿಡಿಯೊಗಳ ಕೊಂಡಿಗಳು ಮುರಿಯುವುದಿಲ್ಲ. ಆದರೆ ಆ ವಿಡಿಯೊಗಳಲ್ಲಿ ನೀವು ಬಾಯಲ್ಲಿ ಹೇಳಿದ ಹಳೆಯ ಹೆಸರು ಹಾಗೆಯೇ ಉಳಿಯುತ್ತದೆ. ಬಿಟ್ಟ ಹ್ಯಾಂಡಲ್ ಅನ್ನು ಯೂಟ್ಯೂಬ್ 14 ದಿನ ನಿಮಗಾಗಿ ಹಿಡಿದಿಡುತ್ತದೆ, ಆಮೇಲೆ ಅದನ್ನು ಬೇರೆಯವರು ತೆಗೆದುಕೊಳ್ಳಬಹುದು. ನೀವು ನೆಂಟರಿಗೆ, ಗುಂಪುಗಳಿಗೆ ಕಳಿಸಿದ ಹಳೆಯ ಕೊಂಡಿ ಅವರ ಚಾನೆಲ್‌ಗೆ ತೆರೆದುಕೊಂಡರೆ ಆಗ ಏನೂ ಮಾಡುವಂತಿಲ್ಲ. ಒಂದು ಲಕ್ಷ ಚಂದಾದಾರರಾದ ಮೇಲೆ ಅರ್ಜಿ ಹಾಕಿ ಪಡೆಯುವ ಪರಿಶೀಲನೆಯ ಗುರುತೂ ಹೆಸರು ಬದಲಿಸಿದರೆ ಹೋಗುತ್ತದೆ, ಮತ್ತೆ ಅರ್ಜಿ ಹಾಕಬೇಕು.

ಬದಲಿಸುವಾಗ ಹಳೆಯ ಹೆಸರಿನ ಒಂದು ಪದವನ್ನಾದರೂ ಉಳಿಸಿಕೊಳ್ಳಬೇಕು. ‘ಮುರುಗಲು ಶರಬತ್ತು’ ಎಂದಿದ್ದದ್ದು ‘ಮುರುಗಲು ಮನೆ’ ಆದರೆ ಹಳಬರು ದಾರಿ ತಪ್ಪುವುದಿಲ್ಲ. ದುಂಡು ಚಿತ್ರದ ಬಣ್ಣವನ್ನು ಕೆಲವು ತಿಂಗಳು ಹಾಗೆಯೇ ಬಿಡಬೇಕು, ವಿವರಣೆಯಲ್ಲಿ ಹಳೆಯ ಹೆಸರನ್ನು ನಮೂದಿಸಿರಬೇಕು. ಹೊಸ ವಿಡಿಯೊಗಳ ಆರಂಭದಲ್ಲಿ ಹೊಸ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಅನಾಲಿಟಿಕ್ಸ್‌ನ ಪಟ್ಟಿಯಲ್ಲಿ ಹಳೆಯ ಹೆಸರಿನ ಹುಡುಕಾಟ ನಿಲ್ಲುವವರೆಗೂ ವಿವರಣೆಯ ಆ ಸಾಲನ್ನು ಅಳಿಸಬಾರದು.